ಚಿತ್ರ ಮಾತ್ರ ಉಳಿದಿರುವ ಆಮಂತ್ರಣ ಪತ್ರಿಕೆಯಲ್ಲಿ ಕಾಗುಣಿತ ತಿದ್ದುವುದು ಹೇಗೆ?

ಆಮಂತ್ರಣ ಪತ್ರಿಕೆ ಸಿದ್ಧವಾಗಿ ನಾಲ್ಕಾರು ಜನರ ಕಣ್ಣು ದಾಟಿದ ಮೇಲೆ, ‘ಆಶೀರ್ವಾದ’ ಎಂದಿರಬೇಕಾದಲ್ಲಿ ‘ಆರ್ಶೀವಾದ’ ಎಂದಿದೆಯೆಂದು ಯಾರೋ ಒಬ್ಬರು ಗುರುತಿಸುತ್ತಾರೆ. ಅಷ್ಟು ಹೊತ್ತಿಗೆ ವಿನ್ಯಾಸದ ಮೂಲ ಕಡತ ಅಳಿದುಹೋಗಿರುತ್ತದೆ. ಕೈಯಲ್ಲಿ ಉಳಿದಿರುವುದು ಒಂದು ಜೆಪೆಗ್ ಚಿತ್ರ ಮಾತ್ರ. ಆಗ ಹೆಚ್ಚಿನವರು ತಪ್ಪು ಪದದ ಮೇಲೆ ಬಣ್ಣದ ಪಟ್ಟಿ ಬಳಿದು, ಸಿಕ್ಕಿದ ಫಾಂಟ್‌ನಲ್ಲಿ ಸರಿಯಾದ ಪದವನ್ನು ಟೈಪ್ ಮಾಡಿಬಿಡುತ್ತಾರೆ. ತಪ್ಪು ಹೋಗುತ್ತದೆ, ಆದರೆ ತೇಪೆ ಎದ್ದು ಕಾಣುತ್ತದೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ, ಬೇಕಾದ ಅಕ್ಷರವನ್ನು ಅದೇ ಚಿತ್ರದೊಳಗೇ ಹುಡುಕಿ, ಎತ್ತಿ, ಸರಿಯಾದ ಜಾಗದಲ್ಲಿ ಇಡುವುದು. ಅದೇ ಫಾಂಟ್, ಅದೇ ಗಾತ್ರ, ಅದೇ ಶಾಯಿ ಬಣ್ಣ, ಅಂಚಿನಲ್ಲಿ ಅದೇ ಮಸುಕು ಎಲ್ಲವೂ ತಾನಾಗಿಯೇ ಹೊಂದಿಕೊಳ್ಳುತ್ತವೆ.

ಕೆಲಸ ಆರಂಭಿಸುವ ಮೊದಲು, ಸಿಗಬಹುದಾದ ಪ್ರತಿಗಳಲ್ಲಿ ಅತ್ಯುತ್ತಮವಾದದ್ದನ್ನು ಹುಡುಕಬೇಕು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದ ಪ್ರತಿ ಸಾಮಾನ್ಯವಾಗಿ ಕುಗ್ಗಿರುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿದ್ದರೆ ಪಿಕ್ಸೆಲ್‌ಗಳು ಇದ್ದಂತೆಯೇ ಇರುತ್ತವೆ. ಐದು ಇಂಚು ಅಗಲ, ಏಳು ಇಂಚು ಎತ್ತರದ ಕಾರ್ಡು 300 ಡಿಪಿಐನಲ್ಲಿ ಮುದ್ರಣವಾಗಬೇಕಾದರೆ ಚಿತ್ರದ ಅಳತೆ 1500×2100 ಪಿಕ್ಸೆಲ್ ಇರಬೇಕು. ಮುದ್ರಣಕ್ಕೆಂದು ಕಳುಹಿಸಿದ ಪಿಡಿಎಫ್ ಹಳೆಯ ಇಮೇಲ್‌ನಲ್ಲಿ ಸಿಕ್ಕರೆ ಅದನ್ನು 800 ಪ್ರತಿಶತ ದೊಡ್ಡದು ಮಾಡಿ ನೋಡಬೇಕು. ಆಗಲೂ ಅಕ್ಷರದ ಅಂಚು ಚೂಪಾಗಿಯೇ ಇದ್ದರೆ ಅಕ್ಷರಗಳು ಚಿತ್ರವಾಗಿಲ್ಲ, ರೇಖಾರೂಪದಲ್ಲಿ ಉಳಿದಿವೆ ಎಂದರ್ಥ. ಇಂಕ್‌ಸ್ಕೇಪ್‌ನಲ್ಲಿ ತೆರೆದು ಅವುಗಳನ್ನೇ ನೇರವಾಗಿ ಸರಿಸಬಹುದು, ಮುಂದೆ ಹೇಳುವ ಯಾವ ಪಾಡೂ ಬೇಕಿಲ್ಲ.

ಅರ್ಕಾವತ್ತನ್ನು ಒಂದು ಅಕ್ಷರ ಬಲಕ್ಕೆ ಸರಿಸುವುದು

‘ಆರ್ಶೀವಾದ’ದಂಥ ತಪ್ಪು ಕನ್ನಡದಲ್ಲಿ ತೀರ ಸಾಮಾನ್ಯ. ಅದೃಷ್ಟವಶಾತ್ ತಿದ್ದಲು ಅತ್ಯಂತ ಸುಲಭವಾದದ್ದೂ ಇದೇ. ಕನ್ನಡದಲ್ಲಿ ‘ರ್’ ಉಚ್ಚಾರಣೆಯಲ್ಲಿ ಮೊದಲು ಬಂದರೂ ಅದರ ಗುರುತಾದ ಅರ್ಕಾವತ್ತು ಬರಹದಲ್ಲಿ ಅಕ್ಷರದ ನಂತರ ನಿಲ್ಲುತ್ತದೆ. ಆದ್ದರಿಂದ ತಪ್ಪು ಪದದಲ್ಲಿ ಕಣ್ಣಿಗೆ ಕಾಣುವ ಕ್ರಮ ಆ, ಶೀ, ಅರ್ಕಾವತ್ತು, ವಾ, ದ. ಸರಿಯಾದ ಪದದಲ್ಲಿ ಕಾಣಬೇಕಾದ ಕ್ರಮ ಆ, ಶೀ, ವಾ, ಅರ್ಕಾವತ್ತು, ದ. ಹೊಸ ಅಕ್ಷರ ಒಂದೂ ಬೇಕಿಲ್ಲ. ಅಕ್ಕಪಕ್ಕದ ಎರಡು ತುಂಡುಗಳು ಜಾಗ ಬದಲಿಸಿಕೊಂಡರೆ ಸಾಕು, ಪದದ ಒಟ್ಟು ಅಗಲವೂ ಬದಲಾಗುವುದಿಲ್ಲ.

ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಚಿತ್ರವನ್ನು ತೆರೆದು, ಮೊದಲು ಅದನ್ನು XCF ಕಡತವಾಗಿ ಉಳಿಸಿಕೊಂಡು, ಮೂಲ ಲೇಯರ್‌ನ ಒಂದು ನಕಲನ್ನು ಮಾಡಿಕೊಳ್ಳಬೇಕು. ಕೆಳಗಿನ ಲೇಯರನ್ನು ಕೊನೆಯವರೆಗೂ ಮುಟ್ಟಬಾರದು, ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಬಳಿಕ ತಪ್ಪು ಪದವನ್ನು 400 ಪ್ರತಿಶತಕ್ಕೆ ಹಿಗ್ಗಿಸಿ, ಮೇಲಿನ ಅಳತೆಪಟ್ಟಿಯಿಂದ ಒಂದು ಮಾರ್ಗರೇಖೆಯನ್ನು ಎಳೆದು ತಂದು ಅಕ್ಷರಗಳ ಪಾದಕ್ಕೆ ಸರಿಯಾಗಿ ನಿಲ್ಲಿಸಬೇಕು.

ಈಗ ಮೂರು ಎಡ ಅಂಚುಗಳನ್ನು ಗುರುತಿಸಬೇಕು: ಅರ್ಕಾವತ್ತು ಎಲ್ಲಿ ಆರಂಭವಾಗುತ್ತದೆ, ‘ವಾ’ ಎಲ್ಲಿ ಆರಂಭವಾಗುತ್ತದೆ, ‘ದ’ ಎಲ್ಲಿ ಆರಂಭವಾಗುತ್ತದೆ. ಒಂದು ಕಾರ್ಡಿನಲ್ಲಿ ಅರ್ಕಾವತ್ತಿನ ಅಂಚಿನಿಂದ ‘ವಾ’ ಅಂಚಿಗೆ 20 ಪಿಕ್ಸೆಲ್, ‘ವಾ’ ಅಂಚಿನಿಂದ ‘ದ’ ಅಂಚಿಗೆ 48 ಪಿಕ್ಸೆಲ್ ಇದೆ ಎಂದಿಟ್ಟುಕೊಳ್ಳೋಣ. ಹಾಗಿದ್ದರೆ ‘ವಾ’ 20 ಪಿಕ್ಸೆಲ್ ಎಡಕ್ಕೂ ಅರ್ಕಾವತ್ತು 48 ಪಿಕ್ಸೆಲ್ ಬಲಕ್ಕೂ ಹೋಗಬೇಕು. ಲೆಕ್ಕ ಇಷ್ಟೇ. ‘ಶೀ’ಯ ದೀರ್ಘದ ಗುರುತು ಅರ್ಕಾವತ್ತಿಗೆ ಅಂಟಿಕೊಂಡಂತೆ ಇರುವ ಕಡೆ ಮಾತ್ರ ಜಾಗ್ರತೆ ಬೇಕು, ಆ ದೀರ್ಘ ‘ಶೀ’ಗೆ ಸೇರಿದ್ದು, ಅದು ಅಲ್ಲೇ ಉಳಿಯಬೇಕು.

‘ವಾ’ ಸುತ್ತ ಆಯ್ಕೆಯ ಚೌಕ ಎಳೆದು ನಕಲಿಸಿ ಅಂಟಿಸಬೇಕು. ಅರ್ಕಾವತ್ತನ್ನೂ ಹಾಗೆಯೇ ಮಾಡಬೇಕು. ಗಿಂಪ್‌ನ ಹಳೆಯ ಆವೃತ್ತಿಗಳಲ್ಲಿ ಅಂಟಿಸಿದ್ದು ತೇಲುವ ತುಂಡಾಗಿ ನಿಲ್ಲುವುದರಿಂದ ಅದನ್ನು ಹೊಸ ಲೇಯರ್ ಆಗಿ ಬದಲಿಸಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯವರೆಗೂ ಇಳಿದಿರುತ್ತವೆ. ಚೌಕದೊಳಗೆ ಅಂಥದ್ದೊಂದು ಒತ್ತಿನ ಬಾಲ ಸೇರಿಕೊಂಡರೆ, ಅಕ್ಷರವನ್ನು ಸರಿಸಿದಾಗ ಅದೂ ಜೊತೆಗೆ ಬಂದು ವಿಚಿತ್ರವಾದ ಚುಕ್ಕೆಯಾಗಿ ಕಾಣುತ್ತದೆ. ಅಂಥ ಇಕ್ಕಟ್ಟಿನಲ್ಲಿ ಚೌಕವನ್ನು ಬಿಟ್ಟು Free Select ಉಪಕರಣದಿಂದ ಅಕ್ಷರದ ಸುತ್ತ ಕೈಯಾರೆ ಗೆರೆ ಹಾಕುವುದೇ ಸರಿ.

ತುಂಡುಗಳನ್ನು ಸರಿಸುವಾಗ ಮೌಸ್‌ಗಿಂತ ಕೀಲಿಮಣೆಯ ಎಡ-ಬಲ ಬಾಣಗಳನ್ನೇ ನೆಚ್ಚಿಕೊಳ್ಳಬೇಕು. ಒಂದು ಒತ್ತಿಗೆ ಒಂದು ಪಿಕ್ಸೆಲ್ ಸರಿಯುತ್ತದೆ, ಮೇಲೆ ಕೆಳಗೆ ಅಲುಗುವುದಿಲ್ಲ. ತುಂಡನ್ನು ಹಿಗ್ಗಿಸುವುದು, ಕುಗ್ಗಿಸುವುದು, ತಿರುಗಿಸುವುದು ಯಾವುದೂ ಕೂಡದು. ಹಾಗೆ ಮಾಡಿದಾಗಲೆಲ್ಲ ತಂತ್ರಾಂಶವು ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕುವುದರಿಂದ ಆ ಒಂದು ಅಕ್ಷರ ಮಾತ್ರ ಮಂಜಾಗುತ್ತದೆ. ದೊಡ್ಡ ಶೀರ್ಷಿಕೆಯ ಅಕ್ಷರವನ್ನು ಕುಗ್ಗಿಸಿ ಸಣ್ಣ ಸಾಲಿಗೆ ತರುವುದೂ ಇದೇ ಕಾರಣಕ್ಕೆ ಸಲ್ಲದು. ಹಾಗೆ ತಂದ ಅಕ್ಷರದ ಗೆರೆಯ ದಪ್ಪವೂ ನೆರೆಯ ಅಕ್ಷರಗಳಿಗೆ ಹೊಂದುವುದು ಅಪರೂಪ.

ಹಳೆಯ ಗುರುತು ಅಳಿಸುವುದು

ನಿಜವಾದ ಕಷ್ಟ ಇರುವುದು ಅಕ್ಷರ ಇಡುವುದರಲ್ಲಲ್ಲ, ಅಳಿಸುವುದರಲ್ಲಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಸಂಕುಚಿಸುತ್ತದೆ. ಶಾಯಿಯೂ ಕಾಗದವೂ ಒಂದೇ ಚೌಕದಲ್ಲಿ ಬಂದಾಗ ಅಕ್ಷರದ ಸುತ್ತ ತೆಳುವಾದ ಕೊಳೆ ಉಳಿಯುತ್ತದೆ. ಅಕ್ಷರದ ಅಂಚಿಗೆ ಸರಿಯಾಗಿ ಅಳಿಸಿದರೆ ಈ ಕೊಳೆ ಉಳಿದು, ಹಳೆಯ ಅಕ್ಷರದ ನೆರಳು ಮುದ್ರಣದಲ್ಲಿ ಕಾಣಿಸಬಹುದು. ಆದ್ದರಿಂದ ಅಂಚಿನಿಂದ ಆರೆಂಟು ಪಿಕ್ಸೆಲ್ ಆಚೆಯವರೆಗೂ ಶುಚಿ ಮಾಡಬೇಕು.

ಹಿನ್ನೆಲೆ ಒಂದೇ ಬಣ್ಣದ್ದಾದರೆ ಆ ಬಣ್ಣವನ್ನು ಪಕ್ಕದಿಂದ ಎತ್ತಿಕೊಂಡು ಬಳಿದರೆ ಮುಗಿಯಿತು. ಬಣ್ಣ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತಾ ಹೋಗಿದ್ದರೆ, ಅಥವಾ ಕಾಗದದ ನವುರಾದ ತರಿ ಇದ್ದರೆ, Clone ಉಪಕರಣವನ್ನು ಹಿಡಿದು, Ctrl ಒತ್ತಿಕೊಂಡು ಅದೇ ಸಾಲಿನ ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿ, ಅಲ್ಲಿಂದ ಹಿನ್ನೆಲೆಯನ್ನು ತಂದು ಮುಚ್ಚಬೇಕು. ಮಾದರಿಯನ್ನು ಅದೇ ಎತ್ತರದಿಂದ ತೆಗೆದುಕೊಂಡರೆ ಮಾತ್ರ ಬಣ್ಣದ ಇಳಿತ ಸರಿಹೋಗುತ್ತದೆ. ಇದೇ ಕೆಲಸಕ್ಕೆ Heal ಉಪಕರಣ ಬಳಸಲು ಮನಸ್ಸಾಗುತ್ತದೆ, ಆದರೆ ಪಠ್ಯದ ನಡುವೆ ಅದು ನಂಬಿಕೆಗೆ ಅರ್ಹವಲ್ಲ: ಅದು ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳಲು ನೋಡುತ್ತದೆ, ಹತ್ತಿರದಲ್ಲೇ ಕಪ್ಪು ಅಕ್ಷರವಿದ್ದರೆ ಆ ಕಪ್ಪನ್ನೂ ಎಳೆದುಕೊಂಡು ಕಲೆ ಮಾಡುತ್ತದೆ.

ಅಳಿಸಿದ ಜಾಗದ ಮೇಲೆ ‘ವಾ’ ತುಂಡನ್ನು ಇಟ್ಟಾಗ, ಅದರ ಜೊತೆ ಬಂದ ಹಿನ್ನೆಲೆಯ ಚೌಕದ ಅಂಚು ಮಸುಕಾಗಿ ಕಾಣಬಹುದು. ಇದಕ್ಕೊಂದು ಸರಳ ಉಪಾಯವಿದೆ. ತಿಳಿ ಹಿನ್ನೆಲೆಯ ಮೇಲೆ ಗಾಢ ಅಕ್ಷರವಿದ್ದರೆ ತುಂಡಿನ ಲೇಯರ್‌ನ ಮೋಡ್ ಅನ್ನು Darken only ಎಂದು ಬದಲಿಸಬೇಕು. ಆಗ ಮೇಲಿನ ಮತ್ತು ಕೆಳಗಿನ ಲೇಯರ್‌ಗಳಲ್ಲಿ ಯಾವುದು ಗಾಢವೋ ಅದಷ್ಟೇ ಕಾಣುತ್ತದೆ. ಅಕ್ಷರ ನಿಲ್ಲುತ್ತದೆ, ಅದರ ಸುತ್ತಲಿನ ಕಾಗದ ಬಹುತೇಕ ಮಾಯವಾಗುತ್ತದೆ. ಗಾಢ ಹಿನ್ನೆಲೆಯ ಮೇಲೆ ಬಿಳಿ ಅಥವಾ ಹೊಂಬಣ್ಣದ ಅಕ್ಷರವಿದ್ದರೆ Lighten only ಇದೇ ಕೆಲಸ ಮಾಡುತ್ತದೆ. ಇಷ್ಟಾದರೂ ಚೌಕದ ಗುರುತು ಉಳಿದರೆ, ಮೆತ್ತನೆಯ ಅಂಚಿನ ರಬ್ಬರಿನಿಂದ ತುಂಡಿನ ನಾಲ್ಕು ಬದಿಗಳನ್ನು ಸವರಬೇಕು.

ಅಕ್ಷರವೇ ಬದಲಾಗಬೇಕಾದಾಗ

‘ಶುಭಾಷಯ’ ಎಂದಿರುವುದನ್ನು ‘ಶುಭಾಶಯ’ ಮಾಡಬೇಕೆಂದುಕೊಳ್ಳಿ. ಬೇಕಾದದ್ದು ತಲಕಟ್ಟಿರುವ ಬರಿಯ ‘ಶ’. ಪತ್ರಿಕೆಯಲ್ಲಿ ಬೇರೆಲ್ಲೂ ಅದು ಸಿಗದಿದ್ದರೂ ಅದೇ ಪದದ ಮೊದಲಲ್ಲಿ ‘ಶು’ ಇದೆ. ಅದನ್ನು ನಕಲಿಸಿ ಕೊಂಬನ್ನು ಕತ್ತರಿಸಿದರೆ ‘ಶ’ ಉಳಿಯುತ್ತದೆ. ಕೊಂಬು ಅಕ್ಷರಕ್ಕೆ ಸೇರುವ ಕಡೆ ಒಂದೆರಡು ಪಿಕ್ಸೆಲ್ ಒರಟು ಉಳಿದರೆ ಸಣ್ಣ ಕುಂಚದಿಂದ ತಿದ್ದಬಹುದು. ‘ಶೀ’ ಅಥವಾ ‘ಶಿ’ಯಿಂದ ತೆಗೆಯಲು ಹೋಗಬಾರದು, ಅವುಗಳಲ್ಲಿ ತಲಕಟ್ಟಿನ ಜಾಗದಲ್ಲಿ ಗುಡಿಸು ಕುಳಿತಿರುತ್ತದೆ. ‘ಹಾರ್ಧಿಕ’ದಂಥ ತಪ್ಪಿಗಾದರೆ ಇಷ್ಟೂ ಬೇಡ; ಹೊಟ್ಟೆ ಸೀಳಿದ ಗೆರೆಯನ್ನು ಅಳಿಸಿದರೆ ಬಹಳಷ್ಟು ಫಾಂಟ್‌ಗಳಲ್ಲಿ ‘ಧಿ’ಯು ‘ದಿ’ ಆಗಿಬಿಡುತ್ತದೆ.

ಹೊಸ ಅಕ್ಷರದ ಅಗಲ ಹಳೆಯದಕ್ಕೆ ಸಮನಾಗಿರುವುದಿಲ್ಲ. ‘ಶ’ ನಾಲ್ಕು ಪಿಕ್ಸೆಲ್ ಕಿರಿದಾದರೆ ಅದರ ಬಲಕ್ಕಿರುವ ಎಲ್ಲವನ್ನೂ ಒಂದೇ ತುಂಡಾಗಿ ಎತ್ತಿ ನಾಲ್ಕು ಪಿಕ್ಸೆಲ್ ಎಡಕ್ಕೆ ತರಬೇಕು. ಸಾಲು ನಡುವಿಗೆ ಹೊಂದಿಸಿದ್ದಾದರೆ ಅನಂತರ ಇಡೀ ಸಾಲನ್ನು ಎರಡು ಪಿಕ್ಸೆಲ್ ಬಲಕ್ಕೆ ಸರಿಸಿದರೆ ನಡು ಮತ್ತೆ ಕೂಡುತ್ತದೆ. ನಾಲ್ಕು ಪಿಕ್ಸೆಲ್‌ಗೆ ಇಷ್ಟು ಪಾಡು ಬೇಡವೆನಿಸಿದರೆ ಬಿಡಬಹುದು, ಯಾರ ಕಣ್ಣಿಗೂ ಬೀಳದು; ಇಪ್ಪತ್ತಾದರೆ ಬೀಳುತ್ತದೆ.

ಬೇಕಾದ ಅಕ್ಷರ ಎಲ್ಲೂ ಇಲ್ಲದಿದ್ದರೆ ಟೈಪ್ ಮಾಡದೆ ಗತ್ಯಂತರವಿಲ್ಲ. ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲದ ಕಾರಣ, ಫೋನಿನಿಂದ ನಕಲಿಸಿದ ಕನ್ನಡಕ್ಕೆ ಅಂಥ ಫಾಂಟ್ ಆರಿಸಿದರೂ ಆ ಆಕಾರ ಬರುವುದಿಲ್ಲ, ಅದರದೇ ಸಂಕೇತದಲ್ಲಿ ಬರೆಯಬೇಕು. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರಗಳು ಒಡೆದು ಕಂಡರೆ Preferences ಒಳಗಿನ Type ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ಪಠ್ಯ ಎಂಜಿನ್ ಆರಿಸಬೇಕು. ಟೈಪ್ ಮಾಡಿದ ಅಕ್ಷರದ ಬಣ್ಣವನ್ನು ಹಳೆಯ ಅಕ್ಷರದ ಅತಿ ದಪ್ಪ ಗೆರೆಯ ನಡುವಿನಿಂದ ಎತ್ತಿಕೊಂಡು, ಅರ್ಧ ಪಿಕ್ಸೆಲ್‌ನಷ್ಟು Gaussian Blur ಕೊಟ್ಟರೆ ಅದರ ಚೂಪು ನೆರೆಯವುಗಳಿಗೆ ಹೊಂದುತ್ತದೆ. ಫಾಂಟ್ ಸ್ವಲ್ಪ ಬೇರೆಯೇ ಆದರೆ ಒಂದು ಪದವನ್ನಲ್ಲ, ಇಡೀ ಸಾಲನ್ನು ಟೈಪ್ ಮಾಡುವುದು ಮೇಲು. ಸಾಲಿಗೊಂದು ಫಾಂಟ್ ಇರುವುದು ಆಮಂತ್ರಣ ಪತ್ರಿಕೆಗೆ ಹೊಸದಲ್ಲ, ಪದಕ್ಕೊಂದು ಫಾಂಟ್ ಇರುವುದು ತಪ್ಪಾಗಿಯೇ ಕಾಣುತ್ತದೆ. ಅಕ್ಷರದ ಎತ್ತರ ಹದಿನೈದು ಪಿಕ್ಸೆಲ್‌ಗೂ ಕಡಿಮೆಯಿರುವ ಚಿತ್ರದಲ್ಲಿ, ನನ್ನ ಅನುಭವದಲ್ಲಿ, ಈ ಯಾವ ಉಪಾಯವೂ ಒಪ್ಪವಾಗಿ ಕೂಡುವುದಿಲ್ಲ.

ತಿದ್ದಿದ್ದು ಮುಗಿದ ಮೇಲೆ ಮುಟ್ಟದೆ ಇಟ್ಟಿದ್ದ ಮೂಲ ಲೇಯರನ್ನು ಎಲ್ಲಕ್ಕಿಂತ ಮೇಲಕ್ಕೆ ತಂದು ಅದರ ಮೋಡ್ ಅನ್ನು Difference ಮಾಡಬೇಕು. ಇಡೀ ಚಿತ್ರ ಕಪ್ಪಾಗಿ, ತಿದ್ದಿದ ಜಾಗ ಮಾತ್ರ ಬೆಳಗುತ್ತದೆ. ಬೇರೆಲ್ಲಾದರೂ ಬೆಳಕು ಕಂಡರೆ ಕೈತಪ್ಪಿ ಏನೋ ಅಲುಗಿದೆ. ಪರೀಕ್ಷೆಯ ನಂತರ ಆ ಲೇಯರನ್ನು ಮರೆಮಾಡಿ, ಚಿತ್ರವನ್ನು 100 ಪ್ರತಿಶತದಲ್ಲಿ ನೋಡಿ, ನಿಜ ಅಳತೆಯಲ್ಲಿ ಒಂದು ಪ್ರತಿ ಮುದ್ರಿಸಿ, ಈ ಕೆಲಸವನ್ನು ಕಂಡಿರದ ಒಬ್ಬರಿಂದ ಓದಿಸಬೇಕು. ಜೆಪೆಗ್ ಪ್ರತಿ ಸಲ ಉಳಿಸಿದಾಗಲೂ ಸ್ವಲ್ಪ ಕೆಡುವುದರಿಂದ File → Export As ಮೂಲಕ ಒಂದೇ ಸಲ, 95ರ ಗುಣಮಟ್ಟದಲ್ಲಿ ಅಥವಾ ಪಿಎನ್‌ಜಿಯಾಗಿ ತೆಗೆಯಬೇಕು. ಹೊಸ ಕಡತಕ್ಕೆ ಹಳೆಯದಕ್ಕಿಂತ ಬೇರೆಯೇ ಹೆಸರಿಟ್ಟು, ಡಾಕ್ಯುಮೆಂಟ್ ಆಗಿಯೇ ಕಳುಹಿಸಬೇಕು. ಎರಡಕ್ಕೂ ಒಂದೇ ಹೆಸರಿದ್ದರೆ ಮುದ್ರಣದ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದು ತಪ್ಪಿರುವ ಹಳೆಯ ಪ್ರತಿಯೇ ಆಗಿರಬಹುದು.