ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದ ಲೆಕ್ಕದ ಆ್ಯಪ್: ನನ್ನ ಅನುಭವ

ಕೋಲಾರದಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಟೊಮೆಟೊ ಮಂಡಿಯಲ್ಲಿ ಗುಮಾಸ್ತರಾಗಿರುವ ಒಬ್ಬರು ತಮ್ಮ ಆಂಡ್ರಾಯ್ಡ್ ಫೋನ್ ತಂದು, ರೈತರ ಬಾಕಿ ಬರೆದಿಡುವ ಆ್ಯಪ್ ಅಪ್‌ಡೇಟ್ ಆದಂದಿನಿಂದ ಒತ್ತಿದ ಕೂಡಲೇ ಮುಚ್ಚಿಕೊಳ್ಳುತ್ತಿದೆ ಎಂದರು. ಉಳಿದ ಆ್ಯಪ್‌ಗಳೆಲ್ಲ ಸರಿಯಾಗಿ ತೆರೆದುಕೊಳ್ಳುತ್ತಿದ್ದುದರಿಂದ ತೊಂದರೆ ಫೋನಿನದಲ್ಲ, ಆ ಒಂದೇ ಆ್ಯಪಿನದು ಎಂಬುದು ಸ್ಪಷ್ಟವಾಯಿತು.

ಆ್ಯಪ್ ಶುರುವಾಗುವಾಗ ತಾನು ಹಿಂದೆ ಉಳಿಸಿಟ್ಟ ಕಡತಗಳನ್ನು ಓದುತ್ತದೆ. ಅವುಗಳಲ್ಲಿ ಯಾವುದಾದರೂ ಕೆಟ್ಟಿದ್ದರೆ, ಅಥವಾ ಹಳೆಯ ಆವೃತ್ತಿ ಬರೆದದ್ದು ಹೊಸದಕ್ಕೆ ಅರ್ಥವಾಗದಿದ್ದರೆ, ಅದು ಅಲ್ಲಿಯೇ ನಿಂತುಹೋಗುತ್ತದೆ. ಫೋನಿನಲ್ಲಿ ಜಾಗ ಪೂರ್ತಿ ತುಂಬಿದ್ದು ಹೊಸದಾಗಿ ಬರೆಯಲು ಆಗದಿದ್ದರೂ ಹೀಗಾಗಬಹುದು. ಆದ್ದರಿಂದ ಮೊದಲು ಬೇಡದ ವಿಡಿಯೊಗಳನ್ನು ಅವರ ಒಪ್ಪಿಗೆ ಪಡೆದು ಅಳಿಸಿದೆ. ಅನಂತರ Settings ಒಳಗಿನ Apps ಪಟ್ಟಿಯಲ್ಲಿ ಆ ಆ್ಯಪನ್ನು ಆರಿಸಿ, Force stop ಒತ್ತಿ, Storage ಪುಟದಲ್ಲಿ Clear cache ಕೊಟ್ಟೆ. ಕ್ಯಾಶ್ ಎಂದರೆ ಆ್ಯಪ್ ಮತ್ತೆ ತಾನೇ ತಯಾರಿಸಿಕೊಳ್ಳಬಲ್ಲ ತಾತ್ಕಾಲಿಕ ಕಡತಗಳು. ಅವು ಹೋದರೆ ಲೆಕ್ಕಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಎಷ್ಟೋ ಫೋನ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. ಇದರಲ್ಲಿ ಮಾತ್ರ ಆ್ಯಪ್ ಮೊದಲಿಗಿಂತ ತುಸು ಹೊತ್ತು ನಿಂತು, ಬಾಕಿಯ ಪುಟ ಬರುವಾಗ ಮುಚ್ಚಿಕೊಂಡಿತು. ಅಂದರೆ ಕೆಟ್ಟಿದ್ದುದು ಕ್ಯಾಶ್ ಅಷ್ಟೇ ಅಲ್ಲ.

ಅದೇ ಪುಟದಲ್ಲಿ ಕೆಲವು ಫೋನ್‌ಗಳಲ್ಲಿ Clear storage ಎಂದೂ ಕೆಲವದರಲ್ಲಿ Clear data ಎಂದೂ ಇನ್ನೊಂದು ಗುಂಡಿ ಇರುತ್ತದೆ. ಅದು ಲಾಗಿನ್, ಸೆಟ್ಟಿಂಗ್, ಫೋನಿನಲ್ಲಿ ಆ ಆ್ಯಪ್ ಇಟ್ಟುಕೊಂಡ ದಾಖಲೆ ಎಲ್ಲವನ್ನೂ ಅಳಿಸುತ್ತದೆ. ಆ್ಯಪನ್ನು ತೆಗೆದುಹಾಕಿದರೂ ಸಾಮಾನ್ಯವಾಗಿ ಇದೇ ಆಗುತ್ತದೆ. ಅದಕ್ಕೇ, “ಅಣ್ಣಾ, ಇನ್ನೊಂದು ಫೋನಿನಲ್ಲಿ ನಿಮ್ಮ ನಂಬರಿನಿಂದ ಲಾಗಿನ್ ಆಗಿ ಲೆಕ್ಕ ಪೂರ್ತಿ ಬರುತ್ತದೆಯೇ ನೋಡೋಣ” ಎಂದೆ. ಹಿಂದಿನ ದಿನದವರೆಗಿನ ಬಾಕಿಯೆಲ್ಲ ಸರ್ವರಿನಲ್ಲಿತ್ತು, ಅಂದಿನದು ಅವರ ಚೀಟಿ ಪುಸ್ತಕದಲ್ಲಿತ್ತು. ಈ ಖಾತರಿಯಿಲ್ಲದೆ ನಾನು ಮುಂದಿನ ಹೆಜ್ಜೆ ಇಡುವುದಿಲ್ಲ.

ಅಪ್‌ಡೇಟ್ ಅರ್ಧಕ್ಕೆ ನಿಂತು ಆ್ಯಪಿನ ಕಡತಗಳೇ ಕೆಟ್ಟಿರಬಹುದೆಂದು ಅದನ್ನು ತೆಗೆದುಹಾಕಿ, ಫೋನ್ ರೀಸ್ಟಾರ್ಟ್ ಮಾಡಿ, ಪ್ಲೇ ಸ್ಟೋರ್‌ನಿಂದ ಮತ್ತೆ ಹಾಕಿದೆ. ಆದರೂ ಅದೇ ಪಾಡು. ಇಲ್ಲಿ ಬಹಳ ಜನ ಕೈಚೆಲ್ಲುತ್ತಾರೆ. ಆಂಡ್ರಾಯ್ಡ್ 6.0ರಿಂದ ಸ್ವಯಂಚಾಲಿತ ಬ್ಯಾಕಪ್ ವ್ಯವಸ್ಥೆ ಇದ್ದು, ಒಂದು ಆ್ಯಪಿನ 25 ಎಂಬಿವರೆಗಿನ ಮಾಹಿತಿಯನ್ನು ಬಳಕೆದಾರರ ಖಾತೆಯಲ್ಲಿ ಉಳಿಸಿ, ಆ್ಯಪನ್ನು ಮತ್ತೆ ಹಾಕಿದಾಗ ಹಿಂದಕ್ಕೆ ತಂದಿಡುತ್ತದೆ. ಕೆಟ್ಟ ಕಡತವೂ ಅದರೊಂದಿಗೆ ಮರಳಬಹುದು. ಈ ಅನುಮಾನದಿಂದ, ಹೊಸದಾಗಿ ಹಾಕಿದ ಆ್ಯಪಿಗೇ Clear storage ಕೊಟ್ಟೆ. ಹೀಗೆ ಅಳಿಸಿದಾಗ ಬ್ಯಾಕಪ್ ತಾನಾಗಿ ಮರಳುವುದಿಲ್ಲ. ಈ ಸಲ ಲಾಗಿನ್ ಪುಟ ಬಂದಿತು, ಒಟಿಪಿ ಕೊಟ್ಟೊಡನೆ ಸರ್ವರಿನಿಂದ ಬಾಕಿಯೆಲ್ಲ ಇಳಿಯಿತು.

ಇಷ್ಟು ಮಾಡಿದರೂ ಆ್ಯಪ್ ಮುಚ್ಚಿಕೊಂಡಿದ್ದರೆ ದೋಷ ಹೊಸ ಆವೃತ್ತಿಯಲ್ಲೇ ಇರಬಹುದೆಂದು ತಿಳಿದು, ಆ್ಯಪಿನ ಮತ್ತು ಆಂಡ್ರಾಯ್ಡಿನ ಆವೃತ್ತಿ ಸಂಖ್ಯೆಗಳನ್ನು ಬರೆದು ತಯಾರಕರಿಗೆ ಕಳುಹಿಸುತ್ತಿದ್ದೆ.