ಗೆರೆ ಕಂಡರೆ ಸಾಲದು: ಹಾಲು, ಮಂಜು, ಕೆಸರುನೀರಿನೊಂದಿಗೆ ನನ್ನ ಎರಡು ವರ್ಷ

ಒಂಬತ್ತನೆಯ ತರಗತಿಗೆ ಟಿಂಡಾಲ್ ಪರಿಣಾಮವನ್ನು, ಅಂದರೆ ತೇಲುವ ಕಣಗಳು ಬೆಳಕನ್ನು ಚದುರಿಸಿ ಅದರ ದಾರಿಯನ್ನು ಗೆರೆಯಾಗಿ ಕಾಣಿಸುವುದನ್ನು, ತೋರಿಸದ ವಿಜ್ಞಾನ ಶಿಕ್ಷಕರು ಇರಲಾರರು. ನಿಜ ದ್ರಾವಣದಲ್ಲಿ ಬೆಳಕಿನ ಗೆರೆ ಕಾಣುವುದಿಲ್ಲ, ಬಹಳ ಸಣ್ಣ ಕಣಗಳು ತಳಕ್ಕಿಳಿಯದೆ ತೇಲುವ ಕಲಿಲದಲ್ಲಿ ಕಾಣುತ್ತದೆ, ದಪ್ಪ ಕಣಗಳ ನಿಲಂಬನದಲ್ಲಿಯೂ ಕಾಣಬಹುದು ಆದರೆ ಅದು ತಳಕ್ಕಿಳಿಯುತ್ತದೆ ಎಂದು ನಾವೆಲ್ಲರೂ ಹೇಳಿ ಮುಗಿಸುತ್ತೇವೆ. ಎರಡು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ನಾನು ಇದನ್ನೇ ಮಾಡಿ ತೋರಿಸಲು ಹೋಗಿ ಮುಖಭಂಗಕ್ಕೆ ಒಳಗಾದೆ. ಉಪ್ಪುನೀರು, ಹಾಲು, ಕೆಸರುನೀರು ಈ ಮೂರರಲ್ಲಿಯೂ ಕೆಂಪು ಗೆರೆ ಕಾಣಿಸಿಕೊಂಡಿತು. ಹಿಂದಿನ ಸಾಲಿನಿಂದ ಹಿರಿಯ ಸಹೋದ್ಯೋಗಿಯೊಬ್ಬರು, "ಮೇಷ್ಟ್ರೇ, ನಿಮ್ಮ ಲೇಸರ್‌ಗೆ ಮೂರೂ ಒಂದೇ. ಬೋರ್ಡಿನ ಮೇಲೆ ಚಿತ್ರ ಬರೆದುಬಿಡಿ, ಕೆಲಸ ಮುಗಿಯುತ್ತೆ," ಎಂದರು. ಅವರ ಮಾತಿಗೆ ಉತ್ತರ ಹುಡುಕಲು ನನಗೆ ಎರಡು ವರ್ಷಗಳು ಮತ್ತು ಸುಮಾರು ಮೂರೂವರೆ ಸಾವಿರ ರೂಪಾಯಿ ಹಿಡಿದವು. ಕೊನೆಗೆ ಉಪಯೋಗಕ್ಕೆ ಬಂದದ್ದು ಅದರಲ್ಲಿ ಆರುನೂರು ರೂಪಾಯಿಯ ಸಾಮಾನು ಮಾತ್ರ.

ವ್ಯರ್ಥವಾದ ಹಣದಲ್ಲಿ ದೊಡ್ಡ ಪಾಲು, ಸುಮಾರು ಎರಡು ಸಾವಿರದ ನಾನ್ನೂರು, ಒಂದು ಸಿದ್ಧ ಕಿಟ್ಟಿಗೆ ಹೋಯಿತು. ಅದರಲ್ಲಿದ್ದುದೆಲ್ಲ ದುಂಡು ಪ್ರನಾಳಗಳು. ದುಂಡು ಗಾಜು ತಾನೇ ಮಸೂರದಂತೆ ವರ್ತಿಸಿ ಕಿರಣವನ್ನು ಹರಡುತ್ತದೆ, ಒಳಗೋಡೆಯ ಪ್ರತಿಫಲನಗಳು ಗೆರೆಯಂತೆಯೇ ಹೊಳೆಯುತ್ತವೆ. ನಾನು ಅದನ್ನು ಬೀರುವಿನಲ್ಲಿಟ್ಟು, ಗಾಜಿನ ಅಂಗಡಿಯಲ್ಲಿ ಐದು ತುಂಡುಗಳನ್ನು ಕತ್ತರಿಸಿಕೊಂಡು, ಸಿಲಿಕೋನ್ ಅಂಟಿನಿಂದ ಒಂದು ಗೇಣು ಉದ್ದದ ಚೌಕ ತೊಟ್ಟಿಯನ್ನು ಜೋಡಿಸಿದೆ. ಮೊದಲನೆಯದು ಸೋರಿತು, ಎರಡನೆಯದು ಇಂದಿಗೂ ಇದೆ. ಒಳಭಾಗಕ್ಕೆ ಕಪ್ಪು ಕಾಗದ ಅಂಟಿಸಿದ ಚಪ್ಪಲಿ ಡಬ್ಬಿಯೊಳಗೆ ತೊಟ್ಟಿಯನ್ನಿಟ್ಟು ಪಕ್ಕದ ಕಿಂಡಿಯಿಂದ ನೋಡುವುದು ನನ್ನ ಕ್ರಮ.

ಉಪ್ಪುನೀರಿನಲ್ಲಿ ಗೆರೆ ಕಂಡದ್ದೇಕೆ ಎಂಬುದು ಮೊದಲ ಒಗಟು. ಅಡುಗೆ ಉಪ್ಪು ಗಂಟು ಕಟ್ಟದಿರಲೆಂದು ಅದರಲ್ಲಿ ಸಿಲಿಕೇಟ್‌ನಂಥ ಕರಗದ ಪುಡಿಯನ್ನು ಬೆರೆಸಿರುತ್ತಾರೆ. ಕಣ್ಣಿಗೆ ತಿಳಿಯಾಗಿ ತೋರುವ ನೀರಿನಲ್ಲಿಯೂ ಲೇಸರ್ ಅದನ್ನು ಹಿಡಿದುಕೊಡುತ್ತದೆ. ಅದರ ಮೇಲೆ ನಮ್ಮ ಕೊಳವೆಬಾವಿಯ ನೀರಿನ ಧೂಳು ಬೇರೆ. ಉಪ್ಪಿನ ಬದಲು ಮೈಲುತುತ್ತವನ್ನು ತೆಗೆದುಕೊಂಡೆ, ಅದು ಇನ್ನೂ ಕೆಟ್ಟಿತು. ಚಿಕ್ಕಬಳ್ಳಾಪುರದ ಕಡೆಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್‌ನೊಂದಿಗೆ ತಾಮ್ರ ವರ್ತಿಸಿ ನೀರೇ ಮಬ್ಬಾಯಿತು. ಲವಣಗಳಿಲ್ಲದ ಬ್ಯಾಟರಿ ನೀರಿನಲ್ಲಿ ಕರಗಿಸಿದಾಗ ಗೆರೆ ಮಾಯವಾದುದನ್ನು ಕಂಡು ಸಂತೋಷಪಟ್ಟೆ. ಆದರೆ ಆ ಸಂತೋಷವೂ ತಪ್ಪು ಕಾರಣದ್ದು ಎಂದು ವಾರದ ನಂತರ ಹೊಳೆಯಿತು. ಮೈಲುತುತ್ತ ನೀಲಿಯಾಗಿ ಕಾಣುವುದೇ ಅದು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ. ಕೆಂಪು ಲೇಸರನ್ನು ಅದರೊಳಗೆ ಬಿಟ್ಟರೆ ಗೆರೆ ಕಾಣದಿರುವುದು ಚದುರುವಿಕೆ ಇಲ್ಲದ್ದರಿಂದಲ್ಲ, ಬೆಳಕೇ ಉಳಿಯದ್ದರಿಂದ. ತೊಟ್ಟಿಯ ಆಚೆ ಬದಿಯಲ್ಲಿ ಬಿಳಿ ಕಾಗದವನ್ನು ಹಿಡಿದು, ಕಿರಣ ಹೊರಬರುತ್ತಿದೆಯೇ ಎಂದು ನೋಡಿದ ನಂತರವೇ ಗೆರೆ ಇಲ್ಲವೆಂದು ಹೇಳಬೇಕೆಂಬ ನಿಯಮವನ್ನು ಅಂದಿನಿಂದ ಪಾಲಿಸುತ್ತಿದ್ದೇನೆ.

ಈಗ ನಾನು ಬಳಸುವುದು ಸಕ್ಕರೆ ಮತ್ತು ಬ್ಯಾಟರಿ ನೀರು. ಲೀಟರಿಗೆ ಸುಮಾರು ಐವತ್ತು ಗ್ರಾಂ ಸಕ್ಕರೆ ಕರಗಿಸಿ, ಎರಡು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನ ಅರ್ಧವನ್ನು ಸಣ್ಣ ಕೊಳವೆಯಿಂದ ಇಳಿಸಿಕೊಳ್ಳುತ್ತೇನೆ. ಸೋಸುಕಾಗದ ಇಲ್ಲಿ ದೊಡ್ಡ ಪ್ರಯೋಜನಕ್ಕೆ ಬರಲಿಲ್ಲ, ಏಕೆಂದರೆ ಅದರ ರಂಧ್ರಗಳು ಹತ್ತು ಮೈಕ್ರಾನಿನ, ಅಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗದ, ಆಸುಪಾಸಿನವು, ಅದಕ್ಕಿಂತ ಸಣ್ಣ ಧೂಳು ನುಸುಳಿಬಿಡುತ್ತದೆ. ಇಷ್ಟೆಲ್ಲ ಮಾಡಿದರೂ ಪೂರ್ತಿ ಕತ್ತಲೆಯಲ್ಲಿ ಬಹಳ ಮಸುಕಾದ ಎಳೆಯೊಂದು ಉಳಿಯುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ. 1928ರಲ್ಲಿ ರಾಮನ್ ಮತ್ತು ಕೃಷ್ಣನ್ ತಮ್ಮ ದ್ರವಗಳನ್ನು ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿ ಧೂಳನ್ನು ನೀಗಿದ ಮೇಲೂ ದ್ರವದ ಅಣುಗಳು ಚದುರಿಸಿದ ಬೆಳಕು ಉಳಿದಿತ್ತು, ಅವರ ಶೋಧ ನಡೆದದ್ದೇ ಆ ಬೆಳಕಿನಲ್ಲಿ. ಆದ್ದರಿಂದ ಬರೀ ನೀರಿನ ತೊಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಅದಕ್ಕಿಂತ ಹೆಚ್ಚಿದೆಯೇ ಎಂದು ಹೋಲಿಸುವುದೇ ಸರಿಯಾದ ಮಾರ್ಗ.

ಹಾಲಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ನಾನೂ ಅದನ್ನೇ ಮಾಡಿದ್ದೆ: ಹಾಲು ಹೆಚ್ಚಾಗುತ್ತದೆ. ಒಂದು ಚಮಚ ಹಾಕಿದರೆ ಕಿರಣ ಒಳಹೊಕ್ಕ ಜಾಗದಲ್ಲಿಯೇ ಹರಡಿ, ಕೆಂಪು ಉಂಡೆಯಂತೆ ಹೊಳೆದು ಮುಗಿಯುತ್ತದೆ. ಒಂದು ಲೀಟರು ನೀರಿಗೆ ಐದಾರು ಹನಿ ಸಾಕು. ಆಗ ಗೆರೆ ಈ ಕೊನೆಯಿಂದ ಆ ಕೊನೆಯವರೆಗೆ ದಾರದಂತೆ ನೇರವಾಗಿ, ನಯವಾಗಿ ಬರುತ್ತದೆ. ಈ ನಯವನ್ನು ಗಮನಿಸಬೇಕು, ಮುಂದೆ ಇದರಿಂದಲೇ ತೀರ್ಮಾನ ಸಿಗುತ್ತದೆ. ಕೆನೆ ತೆಗೆದ ಹಾಲಾದರೆ ಇನ್ನೂ ಉತ್ತಮ. ಹಾಲಿನಲ್ಲಿ ಕೇಸೀನಿನ ಕಣಗಳು ಮೈಕ್ರಾನಿನ ಹತ್ತನೆಯ ಒಂದೆರಡು ಭಾಗದಷ್ಟಿದ್ದರೆ, ಕರೆದ ಹಾಲಿನ ಕೊಬ್ಬಿನ ಗೋಲಿಗಳು ಮೂರು ನಾಲ್ಕು ಮೈಕ್ರಾನ್ ದಪ್ಪ. ಕೊಬ್ಬು ಉಳಿದಷ್ಟೂ ಆಟ ಕೆಡುತ್ತದೆ. ಮನೆಯಲ್ಲಿಯೇ ಕೆನೆಯನ್ನು ಪೂರ್ತಿಯಾಗಿ ತೆಗೆಯುವ ನನ್ನದೊಂದು ಉಪಾಯವಿದೆ, ಆದರೆ ಮುಂದಿನ ವಸ್ತುಪ್ರದರ್ಶನ ಮುಗಿಯುವವರೆಗೆ ಅದನ್ನು ಬರೆಯುವುದಿಲ್ಲ. ಕೆನೆ ತೆಗೆದ ಹಾಲಿನ ಹನಿಗಳಿಗೆ ಬಿಳಿ ಟಾರ್ಚ್ ಬಿಟ್ಟರೆ ಪಕ್ಕದಿಂದ ನೀಲಿ ಛಾಯೆಯೂ, ಎದುರಿನ ಕಾಗದದ ಮೇಲೆ ಕಿತ್ತಳೆ ಛಾಯೆಯೂ ಕಾಣುತ್ತವೆ ಎಂಬುದನ್ನು ಮಾತ್ರ ಹೇಳುತ್ತೇನೆ.

ನನ್ನ ಕೈಗೆ ಆಕಸ್ಮಿಕವಾಗಿ ಸಿಕ್ಕ ಪರೀಕ್ಷೆಯೊಂದಿದೆ. ಕೆಂಪು ಲೇಸರ್ ಪಾಯಿಂಟರನ್ನು ಅದರ ಉದ್ದದ ಅಕ್ಷದ ಸುತ್ತಲೇ, ಸ್ಕ್ರೂಡ್ರೈವರ್ ತಿರುಗಿಸುವಂತೆ, ನಿಧಾನವಾಗಿ ತಿರುಗಿಸಿದರೆ ಕೆನೆ ತೆಗೆದ ಹಾಲಿನಲ್ಲಿ ಪಕ್ಕದಿಂದ ಕಾಣುವ ಗೆರೆ ಒಂದು ಸುತ್ತಿಗೆ ಎರಡು ಸಲ ಮಂಕಾಗಿ ಎರಡು ಸಲ ಬೆಳಗುತ್ತದೆ. ಲೇಸರ್ ಡಯೋಡಿನ ಬೆಳಕು ಧ್ರುವೀಕೃತವಾಗಿರುವುದು, ಅಂದರೆ ಅದರ ತರಂಗ ಒಂದೇ ದಿಕ್ಕಿನಲ್ಲಿ ಕಂಪಿಸುವುದು, ಮತ್ತು ಬೆಳಕಿನ ತರಂಗಾಂತರಕ್ಕಿಂತ ಸಾಕಷ್ಟು ಚಿಕ್ಕದಾದ ಕಣಗಳು ತರಂಗ ಕಂಪಿಸುವ ದಿಕ್ಕಿನ ಕಡೆಗೆ ಬಹುತೇಕ ಬೆಳಕನ್ನು ಚದುರಿಸದಿರುವುದು ಇದಕ್ಕೆ ಕಾರಣ. ಕಣಗಳು ದಪ್ಪವಾದರೆ ಈ ಏರಿಳಿತ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ನನ್ನ ಮೊದಲ ಪಾಯಿಂಟರಿನ ಗುಂಡಿ ಸಡಿಲವಾಗಿ ಅದು ಕೈಯಲ್ಲಿ ಹೊರಳದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಕೆಸರುನೀರು ನನ್ನನ್ನು ಅತಿ ಹೆಚ್ಚು ದಿನ ಕಾಡಿತು. ಕೆರೆಯ ಗೋಡನ್ನು ಒಂದು ಹಿಡಿ ತಂದು ಬ್ಯಾಟರಿ ನೀರಿನಲ್ಲಿ ಕದಡಿ, ಸಾಕಷ್ಟು ತೆಳುವಾಗಿಸಿದ ಮೇಲೆ ನೋಡಿದರೆ ಗೆರೆ ನಯವಾಗಿರಲಿಲ್ಲ, ರಂಗೋಲಿ ಪುಡಿ ಚೆಲ್ಲಿದಂತೆ ಚುಕ್ಕೆ ಚುಕ್ಕೆಯಾಗಿತ್ತು. ಒಂದೊಂದು ಚುಕ್ಕೆಯೂ ಮಿನುಗುತ್ತ ಕೆಳಗಿಳಿಯುವುದನ್ನು ಬರಿಗಣ್ಣಿನಿಂದ ಹಿಂಬಾಲಿಸಬಹುದಿತ್ತು. ಲೇಸರ್ ತಿರುಗಿಸಿದರೆ ಗೆರೆಯ ಹೊಳಪು ಹೇಳಿಕೊಳ್ಳುವಂತೆ ಬದಲಾಗಲಿಲ್ಲ. ನಿಲಂಬನವೆಂದರೆ ಇದು ಎಂದು ನಿರ್ಧರಿಸಿ, ಮರುದಿನ ಬೆಳಿಗ್ಗೆ ತಿಳಿಯಾದ ನೀರಿನಲ್ಲಿ ಗೆರೆ ಇರುವುದಿಲ್ಲವೆಂದು ಮಕ್ಕಳಿಗೆ ಹೇಳಿದೆ. ಮರುದಿನ ಗೆರೆ ಇತ್ತು. ಅಷ್ಟೇ ಅಲ್ಲ, ಅದು ಹಾಲಿನ ಗೆರೆಯಂತೆ ನಯವಾಗಿತ್ತು. ಮೂರನೆಯ ದಿನವೂ ಇತ್ತು, ಹತ್ತನೆಯ ದಿನವೂ ಇತ್ತು.

ಲೆಕ್ಕ ಹಾಕಿದಾಗ ವಿಷಯ ಸ್ಪಷ್ಟವಾಯಿತು. ಎರಡು ಮೈಕ್ರಾನ್ ದಪ್ಪದ ಮಣ್ಣಿನ ಕಣ ನೀರಿನಲ್ಲಿ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ ಬೇಕು. ದಪ್ಪ ಹತ್ತನೆಯ ಒಂದು ಭಾಗಕ್ಕೆ ಇಳಿದರೆ ಕಾಲ ನೂರು ಪಟ್ಟಾಗುತ್ತದೆ, ಅಂದರೆ ಒಂದು ತಿಂಗಳಿಗೂ ಮಿಗಿಲು. ಒಂದು ರಾತ್ರಿಯಲ್ಲಿ ತಳ ಸೇರಿದ್ದು ಮರಳು, ರೇವೆಯಂಥ ದಪ್ಪ ಭಾಗ ಮಾತ್ರ, ಮೇಲೆ ತೇಲುತ್ತಿದ್ದುದು ಜೇಡಿಯ ಕಲಿಲ. ಕೆಸರುನೀರೆಂಬುದು ನಿಲಂಬನವೂ ಹೌದು, ಕಲಿಲವೂ ಹೌದು.

ಇದನ್ನು ಹೇಳಿದಾಗ ಅದೇ ಸಹೋದ್ಯೋಗಿ ನಂಬಲಿಲ್ಲ. ತಮ್ಮ ಶಾಲೆಯಲ್ಲಿ ಅದೇ ಗೋಡನ್ನು ಕದಡಿ ಇಟ್ಟು, ಒಂದೇ ದಿನಕ್ಕೆ ತಿಳಿಯಾದ ಬಾಟಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಗೆರೆ ನಿಜಕ್ಕೂ ಬಹಳ ಮಂದವಾಗಿತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಕೇಳಿದಾಗ ಅವರು ಬಳಸಿದ್ದು ಕೊಳವೆಬಾವಿಯ ನೀರೆಂದು ತಿಳಿಯಿತು. ಜೇಡಿಯ ಕಣಗಳ ಮೇಲಿನ ಋಣ ವಿದ್ಯುದಂಶವೇ ಅವುಗಳನ್ನು ಒಂದರಿಂದೊಂದು ದೂರವಿಡುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಆ ವಿಕರ್ಷಣೆಯನ್ನು ತಗ್ಗಿಸುವುದರಿಂದ ಕಣಗಳು ಗುಂಪುಗೂಡಿ ಬೇಗ ಇಳಿಯುತ್ತವೆ. ಅವರ ಎದುರಿನಲ್ಲಿಯೇ ನನ್ನ ಹತ್ತು ದಿನದ ನೀರನ್ನು ಎರಡು ಲೋಟಗಳಿಗೆ ಹಂಚಿ, ಒಂದಕ್ಕೆ ಪಟಿಕದ ದ್ರಾವಣದ ಕೆಲವು ಹನಿಗಳನ್ನೂ ಚಿಟಿಕೆಯಲ್ಲಿ ಚಿಟಿಕೆ ಅಡುಗೆ ಸೋಡಾವನ್ನೂ ಹಾಕಿ ನಿಧಾನವಾಗಿ ಕಲಕಿದೆ. ಬ್ಯಾಟರಿ ನೀರಿನಲ್ಲಿ ಕ್ಷಾರೀಯತೆ ಇಲ್ಲದ ಕಾರಣ ಸೋಡಾ ಇಲ್ಲದಿದ್ದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಜಿಗುಟು ಚೆನ್ನಾಗಿ ಕಟ್ಟುವುದಿಲ್ಲ, ಇದನ್ನು ಕಲಿಯಲು ಮೂರು ಸಲ ಸೋತಿದ್ದೆ. ಹತ್ತು ನಿಮಿಷದಲ್ಲಿ ನಯವಾದ ಗೆರೆ ಚುಕ್ಕೆಗಳಾಗಿ ಒಡೆಯಿತು, ಸುಮಾರು ಒಂದೂವರೆ ಗಂಟೆಯಲ್ಲಿ ಚುಕ್ಕೆಗಳೂ ತಳ ಸೇರಿ ಗೆರೆ ಬರೀ ನೀರಿನ ಮಟ್ಟಕ್ಕೆ ಬಂದಿತು. ಕಲಿಲವು ನಿಲಂಬನವಾಗುವುದನ್ನು ಅವರು ತಮ್ಮ ಕಣ್ಣಿನಿಂದಲೇ ನೋಡಿದರು. ಬಾಯಿ ಬಿಟ್ಟು ಹೊಗಳಲಿಲ್ಲ, ಆದರೆ ತೊಟ್ಟಿಯ ಅಳತೆಯನ್ನು ಬರೆದುಕೊಂಡು ಹೋದರು. ನುಗ್ಗೆ ಬೀಜದ ಪುಡಿಯಿಂದಲೂ ಇದನ್ನು ಮಾಡಿದ್ದೇನೆ. ನೀರು ತಿಳಿಯಾಗುತ್ತದೆ, ಆದರೆ ಬೀಜದ ಅಂಶವೇ ನೀರಿನಲ್ಲಿ ಉಳಿದು ಒಂದು ಮಸುಕು ಗೆರೆಯನ್ನು ಬಿಡುತ್ತದೆ.

ಮಂಜಿಗಾಗಿ ಮೊದಲು ಪ್ಲಾಸ್ಟಿಕ್ ಬಾಟಲಿಯಲ್ಲಿ ಪ್ರಯತ್ನಿಸಿದೆ. ಸ್ವಲ್ಪ ಬೆಚ್ಚನೆಯ ನೀರು ಹಾಕಿ ಮುಚ್ಚಿ, ಬಾಟಲಿಯನ್ನು ಬಲವಾಗಿ ಹಿಚುಕಿ ಥಟ್ಟನೆ ಬಿಟ್ಟರೆ ಏನೂ ಆಗುವುದಿಲ್ಲ. ಒಂದೆಳೆ ಊದುಬತ್ತಿಯ ಹೊಗೆಯನ್ನು ಒಳಗೆ ಸೇರಿಸಿ ಮತ್ತೆ ಹಾಗೆಯೇ ಮಾಡಿದರೆ ಮಂಜು ತುಂಬುತ್ತದೆ. ಆದರೆ ಬರೀ ಹೊಗೆಯೂ ಗೆರೆ ಕೊಡುವುದರಿಂದ ಯಾವುದು ಯಾವುದರ ಗೆರೆ ಎಂದು ಬೇರ್ಪಡಿಸಲು ಆಗಲಿಲ್ಲ. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ಒಂದು ಬೆಳಗಿನ ಜಾವ ಲೇಸರ್ ಹಿಡಿದು ನಂದಿಬೆಟ್ಟಕ್ಕೆ ಹೋದೆ. ದೇವನಹಳ್ಳಿಯ ವಿಮಾನ ನಿಲ್ದಾಣ ಅಲ್ಲಿಗೆ ದೂರವಿಲ್ಲ, ಆದ್ದರಿಂದ ಕಿರಣವನ್ನು ಎಂದಿಗೂ ಆಕಾಶಕ್ಕೆ ಬಿಡಬಾರದು. ನಾನು ಮಂಡಿಯ ಎತ್ತರದಲ್ಲಿ, ಜನರಿಲ್ಲದ ಮೂಲೆಯ ಕಲ್ಲುಗೋಡೆಯ ಕಡೆಗೆ ಹಿಡಿದೆ.

ಪಠ್ಯದ ಪ್ರಕಾರ ಮಂಜು ಕಲಿಲ. ಲೇಸರ್ ಹೇಳಿದ್ದು ಬೇರೆ. ಗೆರೆ ದೂರದಿಂದ ನಯವಾಗಿ ಕಂಡರೂ ಹತ್ತಿರದಿಂದ ಹನಿಹನಿಯಾಗಿ ಮಿನುಗುತ್ತಿತ್ತು, ಪಾಯಿಂಟರನ್ನು ತಿರುಗಿಸಿದರೆ ಬದಲಾವಣೆ ಇರಲಿಲ್ಲ. ಗೋಡೆಯ ಬದಿಯಲ್ಲಿ ನಿಂತು, ಕಿರಣ ಕಣ್ಣಿಗೆ ಬೀಳದಂತೆ ಓರೆಯಾಗಿ ನೋಡಿದಾಗ ಗೆರೆ ಪ್ರಖರವಾಗಿಯೂ, ಲೇಸರಿನ ಬೆನ್ನ ಹಿಂದಿನಿಂದ ನೋಡಿದಾಗ ಮಂಕಾಗಿಯೂ ಇತ್ತು. ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುವುದು ದಪ್ಪ ಕಣಗಳ ಗುಣ. ಮಂಜಿನ ಹನಿಗಳು ಸಾಮಾನ್ಯವಾಗಿ ಹತ್ತಿಪ್ಪತ್ತು ಮೈಕ್ರಾನಿನವು, ಕಲಿಲದ ಮೇಲಿನ ಮಿತಿಯಾದ ಒಂದು ಮೈಕ್ರಾನಿಗಿಂತ ಬಹಳ ದೊಡ್ಡವು. ಹತ್ತು ಮೈಕ್ರಾನಿನ ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಮೂರು ಮಿಲಿಮೀಟರಿನಂತೆ ಇಳಿಯುತ್ತಲೇ ಇರುತ್ತದೆ. ಗಾಳಿಯ ಸಣ್ಣ ಅಲುಗಾಟವೂ ಅದನ್ನು ಮತ್ತೆ ಮೇಲೆತ್ತುವುದರಿಂದ ತೇಲುವಂತೆ ತೋರುತ್ತದೆ, ಆ ಕಾರಣದಿಂದ ಅದನ್ನು ರೂಢಿಯಲ್ಲಿ ಕಲಿಲಗಳ ಸಾಲಿಗೆ ಸೇರಿಸಿದ್ದಾರೆ. ಪರೀಕ್ಷೆಯಲ್ಲಿ ಮಂಜು ಕಲಿಲವೆಂದೇ ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದೇನೆ, ಅಂಕ ಕಳೆದುಕೊಂಡರೆ ಪೋಷಕರಿಗೆ ಉತ್ತರ ಹೇಳಬೇಕಾದವನು ನಾನೇ.

ಪಟಿಕ ಹಾಕದೆ ಉಳಿಸಿದ ಎರಡನೆಯ ಲೋಟದ ನೀರನ್ನು ಗಾಜಿನ ಸೀಸೆಗೆ ತುಂಬಿಸಿ ಬೀರುವಿನಲ್ಲಿ, ಆ ಎರಡು ಸಾವಿರದ ನಾನ್ನೂರರ ಕಿಟ್ಟಿನ ಪಕ್ಕದಲ್ಲಿಯೇ ಇಟ್ಟಿದ್ದೇನೆ. ಈಗ ಏಳು ವಾರಗಳಾಗಿವೆ. ಮೇಲಿನ ಎರಡು ಬೆರಳಿನಷ್ಟು ತಿಳಿಯಾಗಿದೆ, ಅದರ ಕೆಳಗೆ ಗೆರೆ ಇನ್ನೂ ನಯವಾಗಿಯೇ ಇದೆ.