ಬೈಠಕ್‌ಗೆ ಮತ್ತೆ ಬಂದವರೆಷ್ಟು? ಲೆಕ್ಕ ಹೀಗೆ ಇಡಿ

ಬೆಳಗಾವಿಯಲ್ಲಿ ನೀವು ತಿಂಗಳಿಗೊಂದು ಸಂಗೀತ ಬೈಠಕ್ ನಡೆಸುತ್ತೀರಿ ಅಂದುಕೊಳ್ಳಿ. ಮೂರು ತಿಂಗಳಲ್ಲಿ 60, 55, 65 ಸಹಿ ಬಿದ್ದಿವೆ. ಒಟ್ಟು 180. ಇದು ಹಾಜರಿಯ ಲೆಕ್ಕ, ಜನರ ಲೆಕ್ಕವಲ್ಲ. ಒಬ್ಬರೇ ಮೂರು ಸಲ ಬಂದಿರಬಹುದು, ಅಲ್ವಾ?

ಮೊದಲು ರಿಜಿಸ್ಟರ್. ತಿಂಗಳು, ಹೆಸರು, ಮೊಬೈಲ್, ಇಷ್ಟೇ ಸಾಕು. ಅಂಗಡಿಯಲ್ಲಿ ಸಿಗುವ ಹಾಜರಿ ಪುಸ್ತಕ ತರಬೇಡಿ, ಅದರಲ್ಲಿ ಮೊಬೈಲ್‌ಗೆ ಜಾಗವೇ ಇರುವುದಿಲ್ಲ. ವಾಟ್ಸಾಪ್ ಗ್ರೂಪಿನ ಸಂಖ್ಯೆ ನೋಡಿ ಅಂದಾಜು ಮಾಡುವುದಂತೂ ಬೇಡವೇ ಬೇಡ.

ಎಲ್ಲವನ್ನೂ ಎಕ್ಸೆಲ್‌ನ ಒಂದೇ ಹಾಳೆಗೆ ಏರಿಸಿ. ಒಂದು ಹಾಜರಿಗೆ ಒಂದು ಸಾಲು.

ಜನ ಎಡವುವುದು ಇನ್ನು ಮುಂದೆ. ನಮ್ಮ ಊರಲ್ಲಿ ಒಬ್ಬರೇ ಒಂದು ತಿಂಗಳು ಕನ್ನಡದಲ್ಲಿ, ಇನ್ನೊಂದು ತಿಂಗಳು ಮರಾಠಿಯಲ್ಲಿ, ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೆಸರು ಬರೆಯುತ್ತಾರೆ. ಹೆಸರು ನೋಡಿ ಎಣಿಸಿದರೆ ಒಬ್ಬರು ಮೂವರಾಗುತ್ತಾರೆ. ಇತ್ತ 'ಪಾಟೀಲ' ಎಂದಷ್ಟೇ ಬರೆದ ಮೂವರು ಒಬ್ಬರಾಗುತ್ತಾರೆ. ಹಾಗಾಗಿ ಹೆಸರನ್ನು ನಂಬಬೇಡಿ, ಮೊಬೈಲಿನ ಕೊನೆಯ 10 ಅಂಕಿ ಹಿಡಿಯಿರಿ. ಆಗ +91 ಬರೆದವರೂ ಬಿಟ್ಟವರೂ ಒಂದೇ ಆಗುತ್ತಾರೆ. ಗಂಡ ಹೆಂಡತಿ ಒಂದೇ ನಂಬರ್ ಕೊಟ್ಟಿದ್ದರೆ ಅವರಿಗೆ 1, 2 ಎಂದು ಗುರುತು ಹಾಕಿ, ಪ್ರತಿ ತಿಂಗಳೂ ಅದನ್ನೇ ಉಳಿಸಿ. ಉಳಿದವರಿಗೆಲ್ಲ 1. ಮೊಬೈಲ್ C ಕಾಲಂನಲ್ಲಿ, ಈ ಗುರುತು D ಕಾಲಂನಲ್ಲಿ ಇದ್ದರೆ E2ನಲ್ಲಿ ಹೀಗೆ ಬರೆದು ಕೊನೆಯ ಸಾಲಿನವರೆಗೆ ಎಳೆಯಿರಿ:

```
=RIGHT(SUBSTITUTE(C2," ",""),10)&"-"&D2
```

ನಂಬರ್ ಕೊಡದವರನ್ನು ಬೇರೆ ಪಟ್ಟಿಯಲ್ಲಿಡಿ. ಖಾಲಿ ಮೊಬೈಲಿನವರೆಲ್ಲ ಸೇರಿ ಒಬ್ಬ ಮಹಾ ನಿಷ್ಠಾವಂತ ಶ್ರೋತೃ ಆಗಿಬಿಡುತ್ತಾರೆ!

ಬಾಗಿಲಲ್ಲೊಮ್ಮೆ, ಚಹಾ ಹೊತ್ತಿಗೊಮ್ಮೆ ಸಹಿ ಮಾಡಿದವರನ್ನು Remove Duplicates ಒತ್ತಿ ತೆಗೆಯಿರಿ. ಆದರೆ ತಿಂಗಳು ಮತ್ತು E, ಎರಡೂ ಕಾಲಂಗೆ ಟಿಕ್ ಇರಲಿ. E ಒಂದಕ್ಕೇ ಟಿಕ್ ಹಾಕಿದರೆ ಮತ್ತೆ ಬಂದ ದಾಖಲೆಯೇ ಅಳಿಸಿಹೋಗುತ್ತದೆ. ಅದಕ್ಕೇ ಮೊದಲು ಹಾಳೆಯ ನಕಲು ಇಟ್ಟುಕೊಳ್ಳಿ.

ಆಮೇಲೆ F2ನಲ್ಲಿ `=COUNTIF(E:E,E2)` ಹಾಕಿ ಕೆಳಗೆ ಎಳೆದರೆ ಯಾರು ಎಷ್ಟು ಸಲ ಬಂದರು ಗೊತ್ತಾಗುತ್ತದೆ. ಮೂರು ಸಲ ಬಂದವರು ಮೂರು ಸಾಲಿನಲ್ಲಿ ಇರುತ್ತಾರೆ, ಹಾಗಾಗಿ ಜನರನ್ನು ಎಣಿಸಲು 2 ಬಂದ ಸಾಲುಗಳನ್ನು 2ರಿಂದ, 3 ಬಂದ ಸಾಲುಗಳನ್ನು 3ರಿಂದ ಭಾಗಿಸಿ.

ನಮ್ಮ 180 ಸಹಿಯಲ್ಲಿ ಎರಡೆರಡು ಸಲ ಮಾಡಿದ್ದು ಯಾವುದೂ ಇಲ್ಲ, ಎಲ್ಲರೂ ನಂಬರ್ ಕೊಟ್ಟಿದ್ದಾರೆ ಅನ್ನೋಣ. ಆ ಸಹಿಗಳ ಹಿಂದಿರುವ ಜನ 100 ಎಂದು ಬಂತು. ಒಮ್ಮೆ ಬಂದವರು 45, ಎರಡು ಸಲ 30, ಮೂರೂ ಸಲ 25. ಮತ್ತೆ ಬಂದವರು 55, ಅಂದರೆ ಶೇ 55. ಇಲ್ಲಿಗೆ ನಿಲ್ಲಿಸಬೇಡಿ. ಆ 45ರಲ್ಲಿ 20 ಜನ ಮೂರನೇ ತಿಂಗಳಷ್ಟೇ ಮೊದಲ ಸಲ ಬಂದವರು. ಮತ್ತೆ ಬರಲು ಅವರಿಗೆ ಅವಕಾಶವೇ ಸಿಕ್ಕಿಲ್ಲ. ಅವರನ್ನು ಬಿಟ್ಟು 80ಕ್ಕೆ 55 ಎಂದು ಲೆಕ್ಕ ಹಾಕಿ, ಸುಮಾರು ಶೇ 69. ನಾನು ಈ ಅಂಕಿಯನ್ನೇ ಒಪ್ಪುತ್ತೇನೆ.

ಹೋದ ತಿಂಗಳಿಗಿಂತ ಇಳಿಯಿತು ಎಂದು ಗಾಬರಿಯಾಗಬೇಡಿ. ಜುಲೈನಲ್ಲಿ ಇಲ್ಲಿಯ ಮಳೆಗೆ ಯಾರು ಹೊರಗೆ ಬಂದಾರು? ಜುಲೈಯನ್ನು ಹೋದ ವರ್ಷದ ಜುಲೈ ಜೊತೆಗೇ ಹೋಲಿಸಿ.